ಕೊಂಡವರ ಬೆನ್ನು ಬಿಡದ ಜಾಹೀರಾತು

ತಮ್ಮ ಜಾಲತಾಣದ ಪುಟಕ್ಕೆ ಬಂದು ಹೋದವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಮತ್ತೆ ಜಾಹೀರಾತು ತೋರಿಸುವ ಅಂಗಡಿಯವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಈಗಾಗಲೇ ಕೊಂಡವರನ್ನು ಪಟ್ಟಿಯಿಂದ ಹೊರಗಿಟ್ಟಿದ್ದೀರಾ? ‘ಅದು ತಾನಾಗಿಯೇ ಬಿಟ್ಟುಬಿಡುತ್ತದಲ್ಲ ಸಾರ್’ ಎನ್ನುತ್ತಾರೆ. ಬಿಡುವುದಿಲ್ಲ. ನೀವೇ ಹೊರಗಿಡಬೇಕು.

ಚನ್ನಪಟ್ಟಣದ ಗೊಂಬೆ ಮಾರುವ ಒಬ್ಬರು ‘Purchase’ ಆದವರನ್ನು ಹೊರಗಿಟ್ಟಿದ್ದರು. ಆದರೂ ಹಳೆಯ ಗಿರಾಕಿಗಳಿಂದ ದೂರು: ‘ಕೊಂಡ ಬುಗುರಿಯನ್ನೇ ಎಷ್ಟು ಸಲ ತೋರಿಸುತ್ತೀರಿ?’ ಆರ್ಡರುಗಳನ್ನು ತೆರೆದು ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಜನ ಪುಟದಲ್ಲಿ ಗೊಂಬೆ ನೋಡುತ್ತಿದ್ದರು. ಕೊಳ್ಳುವಾಗ ವಾಟ್ಸ್ಆ್ಯಪ್‌ಗೆ ಬಂದು, ಚೌಕಾಸಿ ಮಾಡಿ, ಯುಪಿಐನಲ್ಲಿ ಹಣ ಕಳಿಸುತ್ತಿದ್ದರು. ಬಂದವರ, ಕೊಂಡವರ ಲೆಕ್ಕ ಇಡುವ ಪಿಕ್ಸೆಲ್ ಎಂಬ ಕೋಡ್ ತುಣುಕು ಇರುವುದು ನಿಮ್ಮ ಜಾಲತಾಣದಲ್ಲಿ. ಸಾಮಾನ್ಯವಾಗಿ ‘ಧನ್ಯವಾದ’ ಪುಟ ತೆರೆದಾಗ ಮಾತ್ರ ಅದು ಮಾರಾಟವಾಯಿತೆಂದು ಬರೆದುಕೊಳ್ಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕೊಂಡವರು ಅದರ ಲೆಕ್ಕದಲ್ಲಿ ಇನ್ನೂ ಬರಿಗೈಯಲ್ಲಿ ಹೋದ ಗಿರಾಕಿಗಳೇ.

ಅತಿಯಾಗಿ ತೋರಿಸುತ್ತಿರುವುದು ಬಯಲಾಗುವುದು ಜಾಹೀರಾತಿನ ವರದಿಯ ‘Frequency’ ಅಂಕಣದಲ್ಲಿ. ಒಬ್ಬರಿಗೆ ಸರಾಸರಿ ಎಷ್ಟು ಸಲ ಜಾಹೀರಾತು ಕಂಡಿತು ಎಂಬುದು ಅಲ್ಲಿರುತ್ತದೆ. ಸಾವಿರ ಸಲ ತೋರಿಸಲು 150 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 300 ರೂಪಾಯಿ ಹಾಕಿದರೆ 2,000 ಸಲ ಕಾಣುತ್ತದೆ. ನಿಮ್ಮ ಪಟ್ಟಿಯಲ್ಲಿರುವುದು 400 ಜನ. ಅಂದರೆ ಒಬ್ಬೊಬ್ಬರಿಗೂ ದಿನಕ್ಕೆ ಐದು ಸಲ! ಎಂಥ ಗೊಂಬೆಯಾದರೂ ವಾಕರಿಕೆ ಬರುತ್ತದೆ. ಪಟ್ಟಿ ಚಿಕ್ಕದಿದ್ದರೆ ಹಣವೂ ಚಿಕ್ಕದಿರಲಿ.

ಪಟ್ಟಿ ದೊಡ್ಡದು ಮಾಡಲು ಕೆಲವರು ವಿಡಿಯೊವನ್ನು ಮೂರು ಸೆಕೆಂಡು ನೋಡಿದವರನ್ನೆಲ್ಲ ಸೇರಿಸುತ್ತಾರೆ. ವಿಡಿಯೊ ತಾನೇ ಓಡುತ್ತದೆ, ಬೆರಳು ಜಾರುವಷ್ಟರಲ್ಲಿ ಮೂರು ಸೆಕೆಂಡು ಮುಗಿದಿರುತ್ತದೆ. ಲೇತಿನ ಮೇಲೆ ತಿರುಗುವ ಮರಕ್ಕೆ ಅರಗು ಹಚ್ಚುವುದನ್ನು ಅರ್ಧದವರೆಗಾದರೂ ನೋಡಿದವರನ್ನು ಹಿಡಿಯಿರಿ. ಆಸಕ್ತಿ ಇರುವುದು ಅವರಿಗೆ. ಹುಟ್ಟುಹಬ್ಬಕ್ಕೆ ಕೊಡುವ ಇಂಥ ಸಾಮಾನಿಗೆ ಪುಟ ನೋಡಿದವರನ್ನು ಹದಿನಾಲ್ಕು ದಿನ ಹಿಂಬಾಲಿಸಿದರೆ ನನ್ನ ಮಟ್ಟಿಗೆ ಸಾಕು. 180 ದಿನದವರೆಗೂ ಅವಕಾಶವಿದೆ ಎಂದ ಮಾತ್ರಕ್ಕೆ ಬಳಸಲೇಬೇಕೆಂದಿಲ್ಲ.

ಆ ಗೊಂಬೆಯವರಿಗೆ ಹೇಳಿದ ಪರಿಹಾರ ಬೇಸರದ ಕೆಲಸ. ವಾಟ್ಸ್ಆ್ಯಪ್‌ನಲ್ಲಿ ಕೊಂಡವರ ಮೊಬೈಲ್ ಸಂಖ್ಯೆಗಳನ್ನು, ಮುಂದೆ 91 ಸೇರಿಸಿ, ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ಗ್ರಾಹಕರ ಪಟ್ಟಿಯಾಗಿ ಏರಿಸಿ, ಜಾಹೀರಾತಿನಲ್ಲಿ ಹೊರಗಿಡುವ ಜಾಗದಲ್ಲಿ ಸೇರಿಸಿ. ಸಂಖ್ಯೆಯನ್ನು ಹೀಗೆ ಬಳಸುತ್ತೇವೆ ಎಂದು ಆರ್ಡರ್ ತೆಗೆದುಕೊಳ್ಳುವಾಗಲೇ ತಿಳಿಸಿ, ಒಪ್ಪಿಗೆ ಪಡೆಯಿರಿ. ಒಪ್ಪದವರ ಸಂಖ್ಯೆ ಏರಿಸಬೇಡಿ. ಈ ಹಾಳೆ ತಾನಾಗಿ ಬೆಳೆಯುವುದಿಲ್ಲ, ಪ್ರತಿ ಸೋಮವಾರ ಹೊಸಬರನ್ನು ಸೇರಿಸಿ ಮತ್ತೆ ಏರಿಸಬೇಕು.

ಇಷ್ಟಾದರೂ ಕೆಲವರು ನುಸುಳುತ್ತಾರೆ. ಆರ್ಡರ್ ಕೊಟ್ಟ ಸಂಖ್ಯೆ ಒಂದು, ಫೇಸ್‌ಬುಕ್ ಖಾತೆಯಲ್ಲಿರುವುದು ಇನ್ನೊಂದು ಆಗಿದ್ದರೆ ಅವರನ್ನು ಈ ಪಟ್ಟಿಯಿಂದ ಗುರುತಿಸಲಾಗುವುದಿಲ್ಲ. ಅಂಥವರು ಬೈದು ಸಂದೇಶ ಕಳಿಸಿದರೆ ಕ್ಷಮೆ ಕೇಳಿ, ಜಾಹೀರಾತಿನ ಮೂರು ಚುಕ್ಕಿ ಒತ್ತಿ ಮರೆಮಾಡುವ ಬಗೆಯನ್ನು ನೀವೇ ತಿಳಿಸಿಕೊಡಿ.