ಅರ್ಧ ಸೆಕೆಂಡಿನ ‘ಹಲೋ’: ಏನು ಕೂತುಬಿಡುತ್ತದೆ, ಏನು ಬದಲಾಗುತ್ತದೆ

ಸಾಮಾಜಿಕ ಮನೋವಿಜ್ಞಾನದ ಪುಸ್ತಕಗಳಲ್ಲಿ ಮೊದಲ ಅನಿಸಿಕೆ ಅಂದ ತಕ್ಷಣ ಮುಖದ ಫೋಟೋ ಪ್ರಯೋಗಗಳೇ ಬರುತ್ತವೆ. 2006ರಲ್ಲಿ ಪ್ರಿನ್ಸ್‌ಟನ್‌ನ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ತೊಡೊರೊವ್ ಮಾಡಿದ್ದು ಎಲ್ಲರಿಗೂ ಗೊತ್ತಿರುತ್ತದೆ. ಅಪರಿಚಿತ ಮುಖವನ್ನು 100 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿದರೂ ಸಾಕು, ಜನ ‘ಇವರನ್ನು ನಂಬಬಹುದಾ’ ಅಂತ ತೀರ್ಮಾನಿಸಿಬಿಡುತ್ತಾರೆ. ಬೇಕಾದಷ್ಟು ಹೊತ್ತು ನೋಡಿದವರ ತೀರ್ಮಾನಕ್ಕೂ ಅದಕ್ಕೂ ಚೆನ್ನಾಗಿಯೇ ಹೊಂದಾಣಿಕೆ ಇತ್ತು. ಹೆಚ್ಚು ಹೊತ್ತು ಕೊಟ್ಟಾಗ ಮುಖ್ಯವಾಗಿ ಏರಿದ್ದು ‘ನನ್ನ ತೀರ್ಮಾನ ಸರಿ’ ಅನ್ನುವ ಧೈರ್ಯ.

ಈ ಟಿಪ್ಪಣಿಯಲ್ಲಿ ನಾನು ಮುಖ ಬಿಟ್ಟು ದನಿ ಹಿಡಿಯುತ್ತೇನೆ. ಫೋನಿನಲ್ಲಿ ಬರುವ ಒಂದು ‘ಹಲೋ’ ಸಾಕು. ಬಟ್ಟೆ ಇಲ್ಲ, ನಗು ಇಲ್ಲ, ಕೈ ಮುಗಿಯುವುದು ಇಲ್ಲ, ಹಾಗಾಗಿ ಅನಿಸಿಕೆ ಎಲ್ಲಿಂದ ಬಂತು ಅಂತ ಹುಡುಕುವುದು ಸುಲಭ.

ಗ್ಲಾಸ್ಗೋದ ಪ್ರಯೋಗ

ಫಿಲ್ ಮ್ಯಾಕಲೀರ್, ತೊಡೊರೊವ್ ಮತ್ತು ಪಾಸ್ಕಲ್ ಬೆಲಾಂ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಸ್ಕಾಟ್ಲೆಂಡ್‌ನವರ ದನಿಗಳನ್ನು ರೆಕಾರ್ಡ್ ಮಾಡಿದರು. ಅವರಿಗೆ ಕೊಟ್ಟಿದ್ದು ಫೋನ್ ಮಾತುಕತೆಯಂಥ ಒಂದು ಬರಹ. ಸುಮ್ನೆ ಓದಿ ಅಂದರು, ‘ಸ್ನೇಹದಿಂದ ಹೇಳಿ’, ‘ಗತ್ತಿನಿಂದ ಹೇಳಿ’ ಅಂತ ಏನೂ ಹೇಳಲಿಲ್ಲ. ಆಮೇಲೆ ಅದರೊಳಗಿನ ‘ಹಲೋ’ ಒಂದನ್ನೇ ಕತ್ತರಿಸಿ ತೆಗೆದರು. ಹೀಗೆ 64 ಹಲೋಗಳು, ಒಂದೊಂದೂ ಒಂದು ಸೆಕೆಂಡಿಗಿಂತ ಚಿಕ್ಕದು. 320 ಜನ ಇಂಟರ್ನೆಟ್ ಮೂಲಕ ಕೇಳಿ ಅಂಕ ಕೊಟ್ಟರು. ಗುಣಗಳು ಹತ್ತು: ನಂಬಿಕೆ, ಇಷ್ಟವಾಗುವಿಕೆ, ಆತ್ಮವಿಶ್ವಾಸ, ದರ್ಪ, ಆಕ್ರಮಣಶೀಲತೆ, ಹೀಗೆ. ಒಬ್ಬ ಕೇಳುಗನಿಗೆ ಒಂದೇ ಗುಣ ಕೊಟ್ಟಿದ್ದರು. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಒಬ್ಬನೇ ಹತ್ತೂ ಗುಣಗಳಿಗೆ ಅಂಕ ಕೊಟ್ಟರೆ ಒಂದರ ಅಂಕ ಇನ್ನೊಂದರ ಮೇಲೆ ಚೆಲ್ಲುತ್ತದೆ, ಅದನ್ನು ತಪ್ಪಿಸುವ ದಾರಿ ಇದು.

ಎರಡು ಸಂಗತಿ ಕಂಡವು. ಒಂದು, ಕೇಳುಗರ ನಡುವೆ ಒಮ್ಮತ ಇತ್ತು. ಯಾವ ದನಿಗೆ ಹೆಚ್ಚು, ಯಾವುದಕ್ಕೆ ಕಡಿಮೆ ಅನ್ನುವುದು ಒಟ್ಟಾರೆ ಹೊಂದುತ್ತಿತ್ತು. ಇನ್ನೊಂದು, ಹತ್ತು ಗುಣಗಳು ನಿಜವಾಗಿ ಹತ್ತಲ್ಲ, ಅವುಗಳ ಹಿಂದೆ ಎರಡೇ ಅಳತೆಗಳಿದ್ದವು. ‘ಇವರು ಒಳ್ಳೆಯವರಾ, ನಂಬಬಹುದಾ’ ಅನ್ನುವುದು ಮೊದಲನೆಯದು. ‘ಇವರ ಕೈ ಮೇಲಾ’ ಅನ್ನುವುದು ಎರಡನೆಯದು. ಮುಖಗಳ ಅಧ್ಯಯನದಲ್ಲೂ ತೊಡೊರೊವ್ ಅವರಿಗೆ ಹತ್ತಿರ ಹತ್ತಿರ ಇವೇ ಎರಡು ಸಿಕ್ಕಿದ್ದವು.

ದನಿಯಲ್ಲಿ ಯಾವುದು ಆ ನಂಬಿಕೆ ಹುಟ್ಟಿಸುತ್ತದೆ? 2017ರಲ್ಲಿ ಬೆಲಾಂ ಮತ್ತು ಸಂಗಡಿಗರು ಆ ದನಿಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿ, ಅವುಗಳ ಗುಣಗಳನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ಕೇಳಿಸಿದರು. ಹೆಚ್ಚು ನಂಬಿಕೆಯ ಅಂಕ ಸಿಕ್ಕ ಹಲೋ ಮೇಲಿನ ಪಿಚ್‌ನಲ್ಲಿ ಶುರುವಾಗಿ, ನಡುವೆ ಚೆನ್ನಾಗಿ ಇಳಿದು, ಕೊನೆಗೆ ಮತ್ತೆ ಏರುತ್ತಿತ್ತು.

ಆದರೆ ಇದನ್ನು ಓದಿ ಇವತ್ತಿನಿಂದ ಫೋನೆತ್ತಿದಾಗ ಏರಿಳಿತ ಹಾಕೋಣ ಅಂತ ಹೊರಡಬೇಡಿ. ಅದು ಸ್ಕಾಟಿಷ್ ಉಚ್ಚಾರಣೆಯ ಇಂಗ್ಲಿಷ್, ಅದೂ ಒಂದೇ ಮಾತು. ನಾವು ಫೋನೆತ್ತಿ ‘ಹಲೋ, ಯಾರು?’ ಅನ್ನುವಾಗಿನ ರಾಗವೇ ಬೇರೆ. ಹುಬ್ಬಳ್ಳಿಯ ‘ಹಲೋ’ಗೂ ಮಂಗಳೂರಿನ ‘ಹಲೋ’ಗೂ ಕೂಡ ವ್ಯತ್ಯಾಸ ಇದೆ, ಅಲ್ವಾ? ಆ ಆಕಾರ ಇಲ್ಲೂ ನಡೆಯುತ್ತದೆ ಅಂತ ಈ ಅಧ್ಯಯನದಿಂದ ಹೇಳಲಾಗುವುದಿಲ್ಲ.

ಒಮ್ಮತ ಅಂದರೆ ಸತ್ಯ ಅಲ್ಲ

ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಎಲ್ಲರಿಗೂ ಒಂದೇ ಥರ ಅನಿಸಿತು ಅಂದರೆ ಆ ದನಿಯವರು ನಿಜವಾಗಿ ನಂಬಿಕಸ್ಥರು ಅಂತ ಅರ್ಥವಲ್ಲ. 2014ರ ಅಧ್ಯಯನದಲ್ಲಿ ಆ ಪ್ರಶ್ನೆಯನ್ನು ಕೇಳಿಯೇ ಇಲ್ಲ. ಅಲ್ಲಿ ಅಳೆದದ್ದು ಕೇಳುಗರ ಅನಿಸಿಕೆಯನ್ನು, ಮಾತಾಡಿದವರ ನಡತೆಯನ್ನಲ್ಲ.

ಒಮ್ಮತದ ಅಂಕಿಯನ್ನೂ ಜೋಪಾನವಾಗಿ ಓದಬೇಕು. ಇಂಥ ಅಧ್ಯಯನಗಳಲ್ಲಿ ಒಮ್ಮತವನ್ನು ಕ್ರೋನ್‌ಬ್ಯಾಕ್ ಆಲ್ಫಾ ಅನ್ನುವ ಅಂಕಿಯಿಂದ ತೋರಿಸುವುದು ರೂಢಿ. ಅಂಕ ಕೊಡುವವರ ಸಂಖ್ಯೆ ಹೆಚ್ಚಿದಂತೆ ಆಲ್ಫಾ ತಾನಾಗಿಯೇ ಏರುತ್ತದೆ. ಅಂದರೆ ಮೂವತ್ತು ಜನರ ಸರಾಸರಿ ಗಟ್ಟಿಯಾಗಿದೆ ಅಂತ ಅದು ಹೇಳುತ್ತದೆಯೇ ಹೊರತು, ನಿಮ್ಮ ಅನಿಸಿಕೆಯೂ ನನ್ನ ಅನಿಸಿಕೆಯೂ ಅಷ್ಟೇ ಹೊಂದುತ್ತವೆ ಅಂತಲ್ಲ. ಇಬ್ಬರನ್ನೇ ಹಿಡಿದು ನೋಡಿದರೆ ಹೊಂದಾಣಿಕೆ ಅದಕ್ಕಿಂತ ಕಡಿಮೆಯೇ ಇರುತ್ತದೆ. ಆಲ್ಫಾ ಕಂಡಾಗಲೆಲ್ಲ ‘ಎಷ್ಟು ಜನರ ಮೇಲೆ?’ ಅಂತ ಕೇಳಿ.

ಅನಿಸಿಕೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುವುದು

ಸರಿ, ಅನಿಸಿಕೆ ತಪ್ಪಿದ್ದರೆ ಮಾತು ಮುಂದುವರಿದಾಗ ಸರಿಹೋಗಬೇಕಲ್ಲ? ಯಾವಾಗಲೂ ಹಾಗಾಗುವುದಿಲ್ಲ. ಇದಕ್ಕೆ ಹಳೆಯ ಒಂದು ಪ್ರಯೋಗವೇ ಚೆನ್ನಾಗಿದೆ. 1977ರಲ್ಲಿ ಮಾರ್ಕ್ ಸ್ನೈಡರ್, ಎಲಿಜಬೆತ್ ಟ್ಯಾಂಕ್ ಮತ್ತು ಎಲ್ಲೆನ್ ಬರ್ಷೈಡ್ ಅಮೆರಿಕದ ಮಿನ್ನೆಸೋಟದಲ್ಲಿ ಪರಿಚಯವಿಲ್ಲದ ಹುಡುಗ–ಹುಡುಗಿಯರ ಜೋಡಿಗಳನ್ನು ಫೋನಿನಲ್ಲಿ ಮಾತಾಡಿಸಿದರು. ಹುಡುಗನ ಕೈಗೆ ಒಂದು ಫೋಟೋ ಕೊಟ್ಟು ‘ಇವಳೇ ಮಾತಾಡುವವಳು’ ಅಂದರು. ಫೋಟೋ ಬೇರೆ ಯಾರದ್ದೋ. ಕೆಲವರಿಗೆ ಚೆಂದದ ಹುಡುಗಿಯ ಫೋಟೋ, ಉಳಿದವರಿಗೆ ಅಷ್ಟೇನೂ ಚೆಂದವಲ್ಲದ್ದು. ಹುಡುಗಿಗೆ ಈ ಫೋಟೋದ ವಿಷಯವೇ ಗೊತ್ತಿಲ್ಲ.

ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ್ದರು. ಆಮೇಲೆ ಏನೂ ಗೊತ್ತಿಲ್ಲದ ಹೊರಗಿನವರಿಗೆ ಹುಡುಗಿಯ ಮಾತನ್ನಷ್ಟೇ ಕೇಳಿಸಿದರು. ಚೆಂದದ ಫೋಟೋ ನೋಡಿದ ಹುಡುಗರ ಜೊತೆ ಮಾತಾಡಿದ ಹುಡುಗಿಯರು ನಿಜವಾಗಿಯೇ ಹೆಚ್ಚು ಸ್ನೇಹದಿಂದ, ಸಲೀಸಾಗಿ ಮಾತಾಡಿದಂತೆ ಕೇಳಿಸಿತು. ಹುಡುಗ ಆಸೆಯಿಂದ, ಉತ್ಸಾಹದಿಂದ ಮಾತಾಡಿದ್ದಕ್ಕೆ ಆಕೆಯೂ ಹಾಗೇ ಮಾತಾಡಿದಳು. ಅವನ ಮಟ್ಟಿಗೆ ಅವನ ಊಹೆ ಸಾಬೀತಾಯಿತು. ಆ ಸಾಕ್ಷಿಯನ್ನು ತಾನೇ ತಯಾರಿಸಿದ್ದು ಅಂತ ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಹಾಗಾಗಿ ‘ಮಾತಾಡಿ ನೋಡಿದೆ, ಮೊದಲು ಅನಿಸಿದ್ದೇ ಸರಿ’ ಅಂತ ಯಾರಾದರೂ ಹೇಳಿದರೆ ನಾನು ಅದನ್ನು ದೊಡ್ಡ ಪುರಾವೆಯಾಗಿ ತೆಗೆದುಕೊಳ್ಳುವುದಿಲ್ಲ.

ಯಾವಾಗ ನಿಜವಾಗಿ ತಿರುಗುತ್ತದೆ

ಕೇಳಿದರೆ ಬಾಯಲ್ಲಿ ಹೇಳುವ ಅಭಿಪ್ರಾಯ ಒಂದು. ಯೋಚಿಸುವ ಮೊದಲೇ ಮನಸ್ಸಿನಲ್ಲಿ ಏಳುವ ಇಷ್ಟ–ಅನಿಷ್ಟ ಇನ್ನೊಂದು. ಎರಡನೆಯದನ್ನು ನೇರವಾಗಿ ಕೇಳಿ ಪ್ರಯೋಜನವಿಲ್ಲ, ಆದ್ದರಿಂದ ಸುತ್ತುದಾರಿಯ ಪರೀಕ್ಷೆಗಳಿವೆ. ಒಂದು ಪರೀಕ್ಷೆ ಹೀಗೆ: ವ್ಯಕ್ತಿಯ ಮುಖವನ್ನು ಮಿಂಚಿ ಮರೆಯಾಗುವಂತೆ ತೋರಿಸಿ, ಹಿಂದೆಯೇ ಓದಲು ಬಾರದ ಒಂದು ಚೀನೀ ಅಕ್ಷರ ತೋರಿಸಿ ‘ಈ ಅಕ್ಷರ ಚೆಂದ ಇದೆಯಾ?’ ಅಂತ ಕೇಳುತ್ತಾರೆ. ಮುಖದ ಮೇಲಿನ ಭಾವನೆ ಅಕ್ಷರದ ಮೇಲೆ ಇಳಿಯುತ್ತದೆ. ಬಾಯಿಯ ಅಭಿಪ್ರಾಯ ಬೇಗ ಬದಲಾಗುತ್ತದೆ, ಈ ಒಳಗಿನದು ಬಹಳ ನಿಧಾನ ಅಂತ ಬಹುಕಾಲ ನಂಬಿದ್ದರು.

2015ರಲ್ಲಿ ಥಾಮಸ್ ಮ್ಯಾನ್ ಮತ್ತು ಮೆಲಿಸ್ಸಾ ಫರ್ಗ್ಯುಸನ್ ಅದನ್ನು ಪ್ರಶ್ನಿಸಿದರು. ಭಾಗವಹಿಸಿದವರು ಫ್ರಾನ್ಸಿಸ್ ವೆಸ್ಟ್ ಅನ್ನುವ ಕಲ್ಪಿತ ಮನುಷ್ಯನ ಕಥೆ ಓದಿದರು. ಅವನು ಅಕ್ಕಪಕ್ಕದ ಮನೆಗಳಿಗೆ ನುಗ್ಗುತ್ತಾನೆ, ಸಾಮಾನು ಹಾಳುಮಾಡುತ್ತಾನೆ, ಅಮೂಲ್ಯವಾದವನ್ನು ಎತ್ತಿಕೊಂಡು ಹೋಗುತ್ತಾನೆ. ಪರೀಕ್ಷೆಯಲ್ಲಿ ಅನಿಷ್ಟ ಕಂಡಿತು, ಸಹಜವೇ. ಆಮೇಲೆ ಕೊನೆಯ ವಿವರ ಬಂತು: ಆ ಮನೆಗಳಿಗೆ ಬೆಂಕಿ ಬಿದ್ದಿತ್ತು, ಅವನು ಎತ್ತಿಕೊಂಡು ಹೋದದ್ದು ಮಕ್ಕಳನ್ನು. ಒಳಗಿನ ಅನಿಸಿಕೆ ಅಲ್ಲೇ ತಿರುಗಿತು. ಮೂರು ದಿನದ ನಂತರ ಪರೀಕ್ಷಿಸಿದಾಗಲೂ ಹಾಗೇ ಇತ್ತು.

ಇದರಲ್ಲಿ ಒಂದು ಮುಖ್ಯ ಷರತ್ತಿದೆ. ಬೇರೆ ಕೆಲವರಿಗೆ ಹಳೆಯ ಘಟನೆಗೆ ಸಂಬಂಧವೇ ಇಲ್ಲದ ಒಳ್ಳೆಯ ಕೆಲಸದ ಸುದ್ದಿ ಕೊಟ್ಟಿದ್ದರು. ಅವರಲ್ಲಿ ಅನಿಸಿಕೆ ಹೀಗೆ ಪೂರ್ತಿ ತಿರುಗಲಿಲ್ಲ. ಮನೆಗೆ ನುಗ್ಗಿದ್ದು ನುಗ್ಗಿದ್ದಾಗಿಯೇ ಉಳಿಯಿತಲ್ಲ! ಕೆಟ್ಟದ್ದರ ಪಕ್ಕದಲ್ಲಿ ಒಳ್ಳೆಯದನ್ನು ಇಟ್ಟರೆ ಸಾಲದು, ಕೆಟ್ಟದ್ದರ ಅರ್ಥವೇ ಬದಲಾಗಬೇಕು. ಜೊತೆಗೆ ಯೋಚಿಸಲು ಮನಸ್ಸಿಗೆ ಬಿಡುವೂ ಬೇಕು. ತಲೆ ಬೇರೆ ಕೆಲಸದಲ್ಲಿ ತುಂಬಿಹೋಗಿದ್ದರೆ ವಿವರ ಓದಿದರೂ ಅನಿಸಿಕೆ ತಿರುಗಲಿಲ್ಲ.

ಈಗ ಹಲೋಗೆ ಬನ್ನಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಾ ಓನರ್‌ಗೆ ಫೋನ್ ಮಾಡಿದಿರಿ ಅಂದುಕೊಳ್ಳಿ. ಆ ಕಡೆಯಿಂದ ಸಪ್ಪೆಯಾಗಿ, ತಗ್ಗಿದ ದನಿಯಲ್ಲಿ ‘ಹಲೋ... ಹೇಳಿ’ ಅಂತ ಬಂತು. ‘ಜಗಳಗಂಟ ಮನುಷ್ಯ’ ಅಂತ ನಿಮಗೆ ಅನಿಸಿತು. ಅವರು ಮುಂದೆ ಅಡ್ವಾನ್ಸ್ ಸ್ವಲ್ಪ ಕಡಿಮೆ ಮಾಡಿದರೆ ನಿಮ್ಮ ಬಾಯಲ್ಲಿ ಒಳ್ಳೆಯ ಮಾತು ಬರಬಹುದು, ಆದರೆ ಆ ಹಲೋ ಒಳಗೆ ಎಲ್ಲೋ ಚುಚ್ಚುತ್ತಲೇ ಇರುತ್ತದೆ. ಅದರ ಬದಲು ‘ಮೊಮ್ಮಗು ಈಗ ತಾನೇ ಮಲಗಿತು, ಅದಕ್ಕೇ ಮೆಲ್ಲಗೆ ಮಾತಾಡ್ತಾ ಇದೀನಿ’ ಅಂದರೆ? ಆ ಹಲೋದ ಅರ್ಥವೇ ಬೇರೆಯಾಯಿತು. ಇದು ನನ್ನ ಉದಾಹರಣೆ, ಪ್ರಯೋಗದ್ದಲ್ಲ, ಆದರೆ ತರ್ಕ ಅದೇ.

ಬದಲಾಗದೇ ಉಳಿಯುವುದು ಏಕೆ

ಇಷ್ಟೆಲ್ಲ ಬದಲಾಗುವಂತಿದ್ದರೆ ಎಷ್ಟೋ ಕೆಟ್ಟ ಅನಿಸಿಕೆಗಳು ವರ್ಷಗಟ್ಟಲೆ ಏಕೆ ನಿಲ್ಲುತ್ತವೆ? ಇದಕ್ಕೆ ಯೆರ್ಕರ್ ಡೆನ್ರೆಲ್ 2005ರಲ್ಲಿ ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಇಷ್ಟ, ಏಕೆಂದರೆ ಅದರಲ್ಲಿ ಮನಸ್ಸಿನ ದೋಷವನ್ನು ಎಳೆದು ತರಬೇಕಾಗಿಯೇ ಇಲ್ಲ. ಅನಿಸಿಕೆ ಒಳ್ಳೆಯದಾಗಿದ್ದರೆ ನಾವು ಮತ್ತೆ ಭೇಟಿಯಾಗುತ್ತೇವೆ. ತಪ್ಪು ತಿಳಿದಿದ್ದರೆ ಮುಂದಿನ ಭೇಟಿಗಳಲ್ಲಿ ಬಯಲಾಗುತ್ತದೆ. ಅನಿಸಿಕೆ ಕೆಟ್ಟದಾಗಿದ್ದರೆ ಆ ಕಡೆ ಹೋಗುವುದನ್ನೇ ಬಿಡುತ್ತೇವೆ, ಹಾಗಾಗಿ ತಪ್ಪು ತಿಳಿದಿದ್ದರೂ ತಿದ್ದುವ ಮಾಹಿತಿ ಬರುವುದೇ ಇಲ್ಲ. ಮೇಲಿನ ಉದಾಹರಣೆಯಲ್ಲಿ ನೀವು ‘ಆಮೇಲೆ ಮಾಡ್ತೀನಿ ಸರ್’ ಅಂತ ಫೋನ್ ಇಟ್ಟಿದ್ದರೆ ಮೊಮ್ಮಗುವಿನ ವಿಷಯ ನಿಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಇದರಿಂದ ಪರೀಕ್ಷಿಸಿ ನೋಡಬಹುದಾದ ಒಂದು ಊಹೆ ಹೊರಡುತ್ತದೆ. ಇಷ್ಟವಿರಲಿ ಬಿಡಲಿ ದಿನಾ ಎದುರಾಗಲೇಬೇಕಾದವರ ಬಗ್ಗೆ, ಅಂದರೆ ಒಂದೇ ಬೆಂಚಿನವರು, ಒಂದೇ ಪ್ರಾಜೆಕ್ಟ್ ಗುಂಪಿನವರು, ಪಕ್ಕದ ಮನೆಯವರು, ಇಂಥವರ ಬಗ್ಗೆ ತಪ್ಪಾದ ಕೆಟ್ಟ ಅನಿಸಿಕೆ ಕಡಿಮೆ ಉಳಿಯಬೇಕು. ತಪ್ಪಿಸಿಕೊಂಡು ಓಡಾಡಬಹುದಾದವರ ಬಗ್ಗೆ ಜಾಸ್ತಿ ಉಳಿಯಬೇಕು. ನಿಮ್ಮ ಕಾಲೇಜಿನಲ್ಲಿ ಕಿರು ಪ್ರಾಜೆಕ್ಟ್ ಮಾಡುವುದಿದ್ದರೆ ಸೆಮಿಸ್ಟರ್ ಶುರುವಿನಲ್ಲೇ ಎಲ್ಲರಿಂದ ಅನಿಸಿಕೆ ಬರೆಸಿಕೊಂಡು, ಗುಂಪುಗಳನ್ನು ಚೀಟಿ ಎತ್ತಿ ಮಾಡಿ, ಕೊನೆಯಲ್ಲಿ ಮತ್ತೆ ಕೇಳಿ. ಗುಂಪನ್ನು ಅವರೇ ಆರಿಸಿಕೊಳ್ಳಲು ಬಿಟ್ಟರೆ ಲೆಕ್ಕ ಕೆಡುತ್ತದೆ, ಏಕೆಂದರೆ ಆಗ ಇಷ್ಟವಾದವರೇ ಒಂದೆಡೆ ಸೇರಿರುತ್ತಾರೆ.