ನಮ್ಮ ಟೆಕ್ನಿಕಲ್ ಬಿಡ್ ಬಿತ್ತು, ಅವರದು ಪಾಸಾಯಿತು: ಧಾರವಾಡ ಹೈಕೋರ್ಟಿಗೆ ಹೋದರೆ ಕೆಲಸ ಸಿಗುತ್ತದೆಯೇ?

ಓದುಗರ ಪ್ರಶ್ನೆ: ಸರ, ನಾವು ಗದಗ ಕಡೆ ಗುತ್ತಿಗೆದಾರರು. 1.80 ಕೋಟಿ ರೂಪಾಯಿಯ ರಸ್ತೆ ಮತ್ತು ಗಟಾರು ಕಾಮಗಾರಿಗೆ ಟೆಂಡರ್ ಹಾಕಿದ್ವಿ. ಬಿಡ್ ಕೆಪ್ಯಾಸಿಟಿ ಸಾಲೂದಿಲ್ಲ ಅಂತ ನಮ್ಮದನ್ನ ಟೆಕ್ನಿಕಲ್‌ದಾಗ ತೆಗೆದರು. ನಮ್ಮ ಎದುರಿನವರ ಕೈಯಾಗ ನಮಗಿಂತ ಹೆಚ್ಚು ಕೆಲಸ ಅದಾವ, ಆದ್ರೂ ಅವರನ್ನ ಪಾಸ್ ಮಾಡ್ಯಾರ. ಧಾರವಾಡ ಹೈಕೋರ್ಟ್‌ನ್ಯಾಗ ಸ್ಟೇ ಸಿಗತೈತೇನ್ರಿ? ಕೆಲಸ ನಮಗ ಬರತೈತೇನು?

ಉತ್ತರ: ಕೆಲಸ ನೇರವಾಗಿ ನಿಮ್ಮ ಕೈಗೆ ಬರುವುದು ಬಹುತೇಕ ಇಲ್ಲ. ಸ್ಟೇ ಕಷ್ಟ, ಆದರೆ ಅಸಾಧ್ಯವಲ್ಲ. ಇಬ್ಬರನ್ನೂ ಒಂದೇ ಅಳತೆಗೋಲಿನಿಂದ ಅಳೆದಿಲ್ಲ ಎಂದು ಕಾಗದದಲ್ಲಿ ತೋರಿಸಿದರೆ, ಇಲಾಖೆಯ ತೀರ್ಮಾನವನ್ನು ರದ್ದುಪಡಿಸಿ ಮತ್ತೊಮ್ಮೆ ಪರಿಶೀಲಿಸಿ ಎಂಬ ಆದೇಶ ಸಿಗಬಹುದು. ನಿಮ್ಮ ಪ್ರಶ್ನೆಯಲ್ಲಿ ಎರಡು ತಕರಾರು ಬೆರೆತಿವೆ. ‘ನನ್ನನ್ನು ತೆಗೆದದ್ದು ತಪ್ಪು’ ಎಂಬುದು ಒಂದು, ‘ಅವರನ್ನು ಬಿಟ್ಟದ್ದು ತಪ್ಪು’ ಎಂಬುದು ಇನ್ನೊಂದು. ಕೋರ್ಟಿನಲ್ಲಿ ಮೊದಲನೆಯದಕ್ಕೆ ಬಲ ಕಡಿಮೆ, ಎರಡನೆಯದಕ್ಕೆ ಹೆಚ್ಚು. ಬಹಳಷ್ಟು ಅರ್ಜಿಗಳು ಮೊದಲನೆಯದನ್ನೇ ಹತ್ತು ಪುಟ ಬರೆದು ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸಿ ಸೋಲುತ್ತವೆ.

ಮೊದಲು ಲೆಕ್ಕವನ್ನೇ ನೋಡೋಣ. ರಾಜ್ಯದಲ್ಲಿ ಒಂದು ಕೋಟಿ ಮೀರಿದ ಕಾಮಗಾರಿಗಳಿಗೆ ಬಳಸುವ ಕೆ.ಡಬ್ಲ್ಯೂ-4 ಮಾದರಿ ಟೆಂಡರ್ ದಸ್ತಾವೇಜಿನಲ್ಲಿ ಬಿಡ್ ಕೆಪ್ಯಾಸಿಟಿಯ ಸೂತ್ರ ಹೀಗಿದೆ:

A × N × 1.5 − B

ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ನೀವು ಮಾಡಿದ ಅತಿ ಹೆಚ್ಚು ಸಿವಿಲ್ ಕೆಲಸದ ಮೊತ್ತ A. ಈ ಕಾಮಗಾರಿ ಮುಗಿಸಲು ಕೊಟ್ಟಿರುವ ಅವಧಿ, ವರ್ಷದ ಲೆಕ್ಕದಲ್ಲಿ, N. ಅದೇ ಅವಧಿಯಲ್ಲಿ ಮುಗಿಸಬೇಕಾಗಿ ಈಗಾಗಲೇ ನಿಮ್ಮ ಕೈಯಲ್ಲಿರುವ ಬಾಕಿ ಕೆಲಸದ ಮೊತ್ತ B. ಬರುವ ಉತ್ತರ ಟೆಂಡರ್ ಮೊತ್ತಕ್ಕಿಂತ ಕಡಿಮೆಯಿರಬಾರದು.

ನೀವು ಅಂಕಿಗಳನ್ನು ಕೊಟ್ಟಿಲ್ಲ, ಹಾಗಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅವಧಿ ಒಂಬತ್ತು ತಿಂಗಳು, ಅಂದರೆ N 0.75. ನಿಮ್ಮ A 2.40 ಕೋಟಿ. ಗುಣಿಸಿದರೆ 2.70 ಕೋಟಿ. ಕೈಯಲ್ಲಿರುವ ಕೆಲಸ ಎಂದು ನೀವೇ ಎರಡನ್ನು ಬರೆದುಕೊಟ್ಟಿದ್ದೀರಿ: 70 ಲಕ್ಷದ್ದು ಒಂದು, 40 ಲಕ್ಷದ್ದು ಒಂದು. 1.10 ಕೋಟಿ ಕಳೆದರೆ ಉಳಿಯುವುದು 1.60 ಕೋಟಿ. ಬೇಕಾದದ್ದು 1.80. ಬಿಡ್ ಬಿತ್ತು.

‘ಆ 40 ಲಕ್ಷದ ಕೆಲಸ ಮುಗಿದೇ ಹೋಗಿದೆ, ಫೈನಲ್ ಬಿಲ್ ಮಾತ್ರ ಬಾಕಿ’ ಎಂದು ನೀವು ಹೇಳಬಹುದು, ಅದು ನಿಜವೂ ಇರಬಹುದು. ಅದನ್ನು ಬಿಟ್ಟರೆ ನಿಮ್ಮ ಕೆಪ್ಯಾಸಿಟಿ 2 ಕೋಟಿಗೆ ಏರುತ್ತದೆ. ಆದರೆ ಕೈಯಲ್ಲಿರುವ ಕೆಲಸಗಳ ಪಟ್ಟಿಗೆ ಕಾರ್ಯಪಾಲಕ ಎಂಜಿನಿಯರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮೇಲುರುಜು ಬೇಕೆಂದು ದಸ್ತಾವೇಜೇ ಹೇಳುತ್ತದೆ. ರುಜುವಾದ ಪಟ್ಟಿಯಲ್ಲಿ ಆ ಕೆಲಸ ‘ಪ್ರಗತಿಯಲ್ಲಿದೆ’ ಎಂದೇ ಇದ್ದರೆ, ಇಲಾಖೆ ಲೆಕ್ಕ ಹಾಕಿದ್ದು ನೀವು ಕೊಟ್ಟ ಕಾಗದದ ಮೇಲೆ. ಕೊನೆಯ ದಿನಾಂಕ ಕಳೆದ ಮೇಲೆ ಕಂಪ್ಲೀಷನ್ ಸರ್ಟಿಫಿಕೇಟ್ ತಂದರೆ ಅದು ವಿವರಣೆ ಎನಿಸುವುದಿಲ್ಲ, ಹೊಸ ದಾಖಲೆ ಎನಿಸುತ್ತದೆ.

ಇಲ್ಲಿ ಹೈಕೋರ್ಟ್ ನಿಮ್ಮ ಪರವಾಗಿ ಮತ್ತೆ ಗುಣಾಕಾರ ಮಾಡಲು ಕೂರುವುದಿಲ್ಲ. 1994ರ ಟಾಟಾ ಸೆಲ್ಯುಲರ್ ಪ್ರಕರಣದಿಂದ ಸುಪ್ರೀಂ ಕೋರ್ಟ್ ಹೇಳಿಕೊಂಡು ಬಂದಿರುವುದು ಇದನ್ನೇ: ನ್ಯಾಯಾಲಯ ನೋಡುವುದು ತೀರ್ಮಾನಕ್ಕೆ ಬಂದ ದಾರಿಯನ್ನು, ತೀರ್ಮಾನದ ಮೇಲೆ ಅದು ಮೇಲ್ಮನವಿ ಕೇಳುವುದಿಲ್ಲ. 2016ರ ಅಫ್ಕಾನ್ಸ್ ಪ್ರಕರಣ ಇನ್ನೂ ಬಿಗಿ. ಟೆಂಡರ್ ದಸ್ತಾವೇಜು ಬರೆದವರಿಗೇ ಅದರ ಅರ್ಥ ಚೆನ್ನಾಗಿ ಗೊತ್ತು, ಅವರು ಮಾಡಿದ ಅರ್ಥ ಕೋರ್ಟಿಗೆ ಒಪ್ಪಿಗೆಯಾಗದಿದ್ದರೂ ದುರುದ್ದೇಶವಾಗಲಿ ವಿಪರೀತವಾಗಲಿ ಇಲ್ಲದಿದ್ದರೆ ಕೈಹಾಕುವಂತಿಲ್ಲ ಎಂದಿತು.

ಈಗ ಎದುರಿನವರ ಲೆಕ್ಕಕ್ಕೆ ಬನ್ನಿ. ಅವರ A 3.20 ಕೋಟಿ ಎನ್ನಿ. 0.75 ಮತ್ತು 1.5ರಿಂದ ಗುಣಿಸಿದರೆ 3.60. ಅವರು ತೋರಿಸಿದ ಬಾಕಿ ಕೆಲಸ 1.20 ಕೋಟಿ. ಉಳಿದದ್ದು 2.40, ಪಾಸ್. ಆದರೆ ಪಕ್ಕದ ಹಾವೇರಿ ಜಿಲ್ಲೆಯಲ್ಲಿ ಬೇರೆ ಇಲಾಖೆಯಿಂದ ಪಡೆದ 90 ಲಕ್ಷದ ಕೆಲಸವೊಂದು ನಡೆಯುತ್ತಿದ್ದು, ಅದನ್ನು ಪಟ್ಟಿಯಲ್ಲಿ ಬರೆದೇ ಇಲ್ಲ. ಸೇರಿಸಿದರೆ B 2.10 ಕೋಟಿ, ಕೆಪ್ಯಾಸಿಟಿ 1.50 ಕೋಟಿ. ಅವರೂ ಬೀಳಬೇಕು. ಸುಳ್ಳು ಅಥವಾ ದಾರಿ ತಪ್ಪಿಸುವ ವಿವರ ಕೊಟ್ಟರೆ ಉಳಿದ ಅರ್ಹತೆಗಳಿದ್ದರೂ ಅನರ್ಹ ಎಂಬ ಕಲಮು ಅದೇ ದಸ್ತಾವೇಜಿನಲ್ಲಿದೆ.

ಈ ಅಂಶದ ಹಿಂದೆ ನಿಲ್ಲುವುದು 1979ರ ರಮಣ ದಯಾರಾಮ್ ಶೆಟ್ಟಿ ತೀರ್ಪು. ಬೊಂಬಾಯಿ ವಿಮಾನ ನಿಲ್ದಾಣದಲ್ಲಿ ಎರಡನೇ ದರ್ಜೆಯ ರೆಸ್ಟೋರೆಂಟ್ ಮತ್ತು ಎರಡು ಸ್ನ್ಯಾಕ್ ಬಾರ್ ನಡೆಸಲು ಕನಿಷ್ಠ ಐದು ವರ್ಷ ಅನುಭವವಿರುವ ನೋಂದಾಯಿತ ಎರಡನೇ ದರ್ಜೆಯ ಹೋಟೆಲಿಗರು ಬೇಕು ಎಂದು ಟೆಂಡರ್ ಕರೆದು, ಆ ಅರ್ಹತೆಯಿಲ್ಲದವರಿಗೆ ಕೊಟ್ಟಿದ್ದರು. ತಾನೇ ಹಾಕಿದ ಷರತ್ತಿಗೆ ಸರ್ಕಾರಿ ಸಂಸ್ಥೆ ತಾನೂ ಬದ್ಧ, ಒಬ್ಬರಿಗಾಗಿ ಅದನ್ನು ಸಡಿಲಿಸುವುದು ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿತು. 2024ರ ಅಕ್ಟೋಬರಿನಲ್ಲಿ ಬನ್ಶೀಧರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿಯೂ, ಒಬ್ಬರ ಬಿಡ್ಡನ್ನು ಕಾಗದದ ಕೊರತೆಗೆ ತಳ್ಳಿಹಾಕಿ, ಕಡ್ಡಾಯ ದಾಖಲೆ ಕೊಡದ ಇನ್ನೊಬ್ಬರನ್ನು ಒಪ್ಪಿಕೊಂಡಿದ್ದನ್ನು ಅದು ರದ್ದುಪಡಿಸಿತು. ನಿಮ್ಮ ವಾದ ಈ ಸಾಲಿನಲ್ಲಿ ನಿಲ್ಲಬೇಕು.

ಆದರೆ ಇಲಾಖೆಯ ಸಿದ್ಧ ಉತ್ತರವೂ ಇದೆ: ‘ಹಾವೇರಿಯ ಕೆಲಸ ನಮಗೆ ಗೊತ್ತಿರಲಿಲ್ಲ, ಅಪ್‌ಲೋಡ್ ಆದ ಪಟ್ಟಿಯನ್ನು ನಂಬಿದೆವು.’ ಇದನ್ನು ಮುರಿಯುವುದು ಒಂದೇ ಕಾಗದ. ತೀರ್ಮಾನವಾಗುವ ಮೊದಲೇ ಟೆಂಡರ್ ಕರೆದ ಅಧಿಕಾರಿಗೆ ನೀವು ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡ ಆಕ್ಷೇಪಣೆ ಪತ್ರ. ಕಾಮಗಾರಿಯ ಹೆಸರು, ಟೆಂಡರ್ ಸಂಖ್ಯೆ, ಮೊತ್ತ, ಕಾರ್ಯಾದೇಶದ ದಿನಾಂಕ ಅದರಲ್ಲಿರಲಿ. ಇವುಗಳಲ್ಲಿ ಎಷ್ಟೋ ವಿವರ kppp.karnataka.gov.in ನಲ್ಲೇ ಸಿಗುತ್ತದೆ. ಮಾಹಿತಿ ಕೈಯಲ್ಲಿದ್ದೂ ನೋಡಲಿಲ್ಲ ಎಂದಾದರೆ ‘ಗೊತ್ತಿರಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಆರ್‌ಟಿಐ ಅರ್ಜಿಯನ್ನೂ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅದರ ಉತ್ತರಕ್ಕೆ ಕಾನೂನೇ 30 ದಿನ ಕೊಟ್ಟಿದೆ, ಅಷ್ಟರಲ್ಲಿ ಕಾರ್ಯಾದೇಶ ಹೊರಟುಹೋಗಿರುತ್ತದೆ. ಮೂಲ ಕಡತ ತರಿಸಿ ಎಂದು ರಿಟ್ ಅರ್ಜಿಯಲ್ಲೇ ಕೇಳಬಹುದು.

ಅದೇ ಪತ್ರದಲ್ಲಿ ನಿಮ್ಮನ್ನು ತಿರಸ್ಕರಿಸಿದ ಕಾರಣವನ್ನೂ ಲಿಖಿತವಾಗಿ ಕೇಳಿ. ‘ತಾಂತ್ರಿಕವಾಗಿ ಅರ್ಹರಲ್ಲ’ ಎಂಬ ಒಂದೇ ಸಾಲು ಬಂದಿದ್ದರೆ ಅದು ನಿಮಗೇ ಅನುಕೂಲ. ಆದೇಶದಲ್ಲಿಲ್ಲದ ಕಾರಣವನ್ನು ಆಮೇಲೆ ಅಫಿಡವಿಟ್‌ನಲ್ಲಿ ತುಂಬುವಂತಿಲ್ಲ ಎಂಬುದು 1978ರ ಮೊಹಿಂದರ್ ಸಿಂಗ್ ಗಿಲ್ ತೀರ್ಪಿನಿಂದ ಬಂದ ನಿಯಮ. ಅದು ಚುನಾವಣೆಯ ಪ್ರಕರಣ, ಆದರೆ ಟೆಂಡರ್ ಅರ್ಜಿಗಳಲ್ಲಿ ಅದನ್ನು ಉಲ್ಲೇಖಿಸುವುದು ರೂಢಿ.

ಎಲ್ಲಿ ಹೋಗಬೇಕು ಎಂಬುದು ಮುಂದಿನ ಮಾತು. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ರಿಟ್ ಅರ್ಜಿಗಳು 226ನೇ ವಿಧಿಯಡಿ ಧಾರವಾಡ ಪೀಠಕ್ಕೆ ಬರುತ್ತವೆ. ಆದರೆ ಅಲ್ಲಿ ಸರ್ಕಾರಿ ವಕೀಲರು ಎತ್ತುವ ಮೊದಲ ತಕರಾರು ‘ಮೊದಲು ಮೇಲ್ಮನವಿ ಹಾಕಲಿ’ ಎಂಬುದೇ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ, ಅಂದರೆ ಎಲ್ಲರೂ ಕೆಟಿಪಿಪಿ ಎನ್ನುವ ಕಾಯ್ದೆಯ 13ನೇ ಕಲಮಿನಡಿ ಟೆಂಡರ್ ಅಂಗೀಕಾರವಾಗುತ್ತದೆ. ಆ ಆದೇಶದ ವಿರುದ್ಧ 16ನೇ ಕಲಮಿನಡಿ, ಆದೇಶ ಕೈಸೇರಿದ 30 ದಿನದೊಳಗೆ, ಗೊತ್ತುಪಡಿಸಿದ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಸರ್ಕಾರವೇ ಅಂಗೀಕರಿಸಿದ ಟೆಂಡರಿಗೆ ಈ ದಾರಿಯಿಲ್ಲ. ಟೆಕ್ನಿಕಲ್ ಹಂತದ ತಿರಸ್ಕಾರ 13ನೇ ಕಲಮಿನ ಆದೇಶವೇ ಎಂಬುದರ ಮೇಲೆ ವಾದ ಎಬ್ಬಿಸಬಹುದು. ಆದರೂ ಲೆಕ್ಕದ ತಪ್ಪು, ಪಟ್ಟಿಯ ತಪ್ಪಿನಂತಹ ವಿಷಯಗಳಿಗೆ ಮೇಲ್ಮನವಿಯೇ ಒಳ್ಳೆಯ ಜಾಗ. ಅಂಕಿಗಳನ್ನು ಮರಳಿ ನೋಡುವ ಅಧಿಕಾರ ಆ ಅಧಿಕಾರಿಗಿದೆ, ಹೈಕೋರ್ಟ್ ಆ ಕೆಲಸಕ್ಕೆ ಕೈಹಾಕುವುದು ಅಪರೂಪ.

ಸ್ಟೇ ವಿಷಯ. 2007ರ ಜಗದೀಶ್ ಮಂಡಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಪ್ರಶ್ನೆ ಇಟ್ಟಿತು. ಪ್ರಕ್ರಿಯೆ ದುರುದ್ದೇಶದ್ದೋ, ಯಾರಿಗೋ ಅನುಕೂಲ ಮಾಡುವಂಥದ್ದೋ, ಅಥವಾ ಹೊಣೆಯರಿತ ಯಾವ ಅಧಿಕಾರಿಯೂ ತೆಗೆದುಕೊಳ್ಳದಷ್ಟು ಅಸಂಗತವೋ? ಸಾರ್ವಜನಿಕ ಹಿತಕ್ಕೆ ಧಕ್ಕೆಯಿದೆಯೋ? ಇಲ್ಲ ಎಂಬ ಉತ್ತರ ಬಂದರೆ ಮಧ್ಯಪ್ರವೇಶವಿಲ್ಲ. ಇದರ ಮೇಲೆ ನಿರ್ದಿಷ್ಟ ಪರಿಹಾರ ಅಧಿನಿಯಮಕ್ಕೆ 2018ರಲ್ಲಿ ತಿದ್ದುಪಡಿಯಾಗಿ, ಮೂಲಸೌಕರ್ಯ ಕಾಮಗಾರಿ ತಡವಾಗುವಂತಹ ತಡೆಯಾಜ್ಞೆ ಕೊಡಬಾರದು ಎಂಬ ಕಲಮು ಸೇರಿತು. ರಸ್ತೆ, ಸೇತುವೆ, ನೀರು ಸರಬರಾಜು, ಒಳಚರಂಡಿ ಎಲ್ಲವೂ ಅದರ ಪಟ್ಟಿಯಲ್ಲಿವೆ. ಅದು ಸಿವಿಲ್ ದಾವೆಗಳ ಕಾಯ್ದೆಯಾದರೂ ರಿಟ್ ಕೇಳುವ ನ್ಯಾಯಾಲಯಗಳೂ ಅದನ್ನು ಗಮನದಲ್ಲಿಡಬೇಕೆಂದು 2022ರ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪು ಹೇಳಿತು. ಹಾಗಾಗಿ ನಿಮ್ಮ ರಸ್ತೆ-ಗಟಾರು ಕೆಲಸಕ್ಕೆ ಸ್ಟೇ ಕೇಳುವಾಗ ‘ಕಾರ್ಯಾದೇಶ ಕೊಡದಿರಲಿ’ ಎಂಬ ಹಂತದಲ್ಲೇ ಹೋಗಬೇಕು. ಜೆಸಿಬಿ ಇಳಿದು ಗಟಾರು ಅಗೆಯಲು ಶುರುವಾದ ಮೇಲೆ ನ್ಯಾಯಾಧೀಶರ ಮನಸ್ಸು ಆ ಬೀದಿಯ ಜನರ ಕಡೆ ವಾಲುವುದು ಸಹಜ, ಅದು ತಪ್ಪೂ ಅಲ್ಲ.

ತಡ ಮಾಡಿದರೆ ಗೆದ್ದ ವಾದವೂ ಕೈಕೊಡುತ್ತದೆ. ರಮಣ ಶೆಟ್ಟಿ ಪ್ರಕರಣವನ್ನೇ ನೋಡಿ. ಟೆಂಡರ್ ಕೊಟ್ಟದ್ದು ತಪ್ಪು ಎಂದು ಕೋರ್ಟ್ ಒಪ್ಪಿತು, ಆದರೂ ಅರ್ಜಿದಾರರಿಗೆ ಏನೂ ಸಿಗಲಿಲ್ಲ. ಅವರು ಅರ್ಜಿ ಹಾಕಿದ್ದು ಟೆಂಡರ್ ಅಂಗೀಕಾರವಾಗಿ ಐದು ತಿಂಗಳು ಕಳೆದ ಮೇಲೆ, ಅಷ್ಟರಲ್ಲಿ ಗೆದ್ದವರು ಸುಮಾರು 1.25 ಲಕ್ಷ ರೂಪಾಯಿ ಖರ್ಚು ಮಾಡಿ ವ್ಯವಸ್ಥೆ ಮಾಡಿಕೊಂಡಿದ್ದರು. ಜೊತೆಗೆ ಅರ್ಜಿದಾರರಿಗೆ ಆ ಕೆಲಸದಲ್ಲಿ ನಿಜವಾದ ಆಸಕ್ತಿಯೇ ಇರಲಿಲ್ಲ ಎಂದೂ ಕಂಡುಬಂತು.

ಅರ್ಜಿಯಲ್ಲೇ ಆಗುವ ಎರಡು ತಪ್ಪುಗಳನ್ನು ಹೇಳಿಬಿಡಬೇಕು. ಗೆದ್ದ ಗುತ್ತಿಗೆದಾರರನ್ನು ಪ್ರತಿವಾದಿ ಮಾಡದೆ ಅವರಿಗೆ ಸಿಕ್ಕ ಕೆಲಸ ರದ್ದು ಮಾಡಿ ಎಂದರೆ ಅರ್ಜಿ ನಿಲ್ಲುವುದಿಲ್ಲ. ‘ಎಂಜಿನಿಯರ್ ಅವರ ಜೊತೆ ಶಾಮೀಲಾಗಿದ್ದಾರೆ’ ಎಂದು ಬರೆದರೆ ಆ ಅಧಿಕಾರಿಯನ್ನೂ ಹೆಸರಿಸಿ ಪ್ರತಿವಾದಿ ಮಾಡಬೇಕು, ದುರುದ್ದೇಶಕ್ಕೆ ಪುರಾವೆಯನ್ನೂ ಕೊಡಬೇಕು. ಪುರಾವೆಯಿಲ್ಲದಿದ್ದರೆ ಆ ಸಾಲನ್ನೇ ಬಿಡಿ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಅಸಮಾನತೆಗೆ ಯಾರ ಉದ್ದೇಶವನ್ನೂ ಸಾಬೀತುಪಡಿಸಬೇಕಿಲ್ಲ.

ಗೆದ್ದರೆ ಏನಾಗುತ್ತದೆ? ನಮ್ಮ ಉದಾಹರಣೆಯಲ್ಲಿ ಮರುಪರಿಶೀಲನೆಗೆ ಆದೇಶವಾಯಿತು ಎನ್ನಿ. ಎದುರಿನವರ ಕೆಪ್ಯಾಸಿಟಿ 1.50 ಕೋಟಿ, ಅವರು ಹೊರಗೆ. ನಿಮ್ಮದು ಕಾಗದದ ಪ್ರಕಾರ ಇನ್ನೂ 1.60 ಕೋಟಿ, ನೀವೂ ಹೊರಗೆ. ಮೂರನೆಯವರೊಬ್ಬರು ಪಾಸಾಗಿದ್ದರೆ ಕೆಲಸ ಅವರ ಪಾಲಾಗಬಹುದು. ಯಾರೂ ಉಳಿಯದಿದ್ದರೆ ಮರುಟೆಂಡರ್. ಆ 40 ಲಕ್ಷದ ಕೆಲಸದ ಕಂಪ್ಲೀಷನ್ ಸರ್ಟಿಫಿಕೇಟನ್ನು ಇಂದೇ ಕೇಳಿ ತೆಗೆದುಕೊಳ್ಳಿ, ಹೊಸ ಪಟ್ಟಿಗೆ ಕಾರ್ಯಪಾಲಕ ಎಂಜಿನಿಯರರ ರುಜು ಹಾಕಿಸಿ ಇಟ್ಟುಕೊಳ್ಳಿ. ಮರುಟೆಂಡರ್ ಬಂದರೆ ಅದೇ ಸೂತ್ರದಲ್ಲಿ ನಿಮ್ಮ ಲೆಕ್ಕ 2 ಕೋಟಿಗೆ ನಿಲ್ಲುತ್ತದೆ.