ಟೆಂಪರೇಚರ್ ಎಂಬ ಭಾಗಾಕಾರ: ಚಿತ್ರ ಮತ್ತು ಪಠ್ಯದ ಜೋಡಿ ಕಲಿಕೆಯ ಟಿಪ್ಪಣಿ

ವಿಜಯಪುರದ ನಮ್ಮ ಓದಿನ ಗುಂಪಿಗಾಗಿ ಬರೆದ ಟಿಪ್ಪಣಿ ಇದು. ನ್ಯೂರಲ್ ನೆಟ್‌ವರ್ಕ್, ಸಾಫ್ಟ್‌ಮ್ಯಾಕ್ಸ್, ಕ್ರಾಸ್ ಎಂಟ್ರೊಪಿ ಇಷ್ಟು ಗೊತ್ತಿದ್ದರೆ ಸಾಕು. ಉದಾಹರಣೆಗಳೆಲ್ಲ ನಾವೇ ಸುತ್ತಮುತ್ತ ತೆಗೆದ ಫೋಟೋಗಳಿಂದ ಬಂದವು. ಅವುಗಳ ಕೊಸೈನ್ ಅಂಕಿಗಳನ್ನು ಮಾತ್ರ ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡಿದ್ದೇನೆ.

ಮೂಲ ವಿಚಾರ ಸರಳ. ಒಂದು ಎನ್‌ಕೋಡರ್ ಫೋಟೋವನ್ನು ವೆಕ್ಟರ್ ಮಾಡುತ್ತದೆ, ಇನ್ನೊಂದು ಅದರ ವಿವರಣೆಯ ಸಾಲನ್ನು ವೆಕ್ಟರ್ ಮಾಡುತ್ತದೆ. ಎರಡರ ಉದ್ದವನ್ನೂ 1ಕ್ಕೆ ಇಳಿಸುತ್ತೇವೆ. ಆಮೇಲೆ ಬ್ಯಾಚಿನ ಪ್ರತಿ ಫೋಟೋವನ್ನು ಪ್ರತಿ ಸಾಲಿನ ಜೊತೆ ಗುಣಿಸಿದರೆ ಕೊಸೈನ್ ಹೋಲಿಕೆಯ ಒಂದು ಚೌಕ ಸಿಗುತ್ತದೆ. ಕರ್ಣದ ಮೇಲೆ ಇರುವವು ನಿಜವಾದ ಜೋಡಿಗಳು, ಅವನ್ನು ಹತ್ತಿರ ಎಳೆಯಬೇಕು. ಉಳಿದವನ್ನೆಲ್ಲ ದೂರ ತಳ್ಳಬೇಕು. 2021ರಲ್ಲಿ ಓಪನ್‌ಎಐ ತಂದ ಕ್ಲಿಪ್ ಮಾದರಿ ಇದನ್ನೇ 40 ಕೋಟಿ ಜೋಡಿಗಳ ಮೇಲೆ, ಒಂದೊಂದು ಬ್ಯಾಚಿಗೆ 32,768 ಜೋಡಿ ಇಟ್ಟುಕೊಂಡು ಮಾಡಿತು. ಕೋಡ್ ನೋಡಿದರೆ ಇಷ್ಟೇ:

```python
img = F.normalize(img_enc(x), dim=-1)
txt = F.normalize(txt_enc(t), dim=-1)
logits = scale.exp() * img @ txt.T
y = torch.arange(len(img), device=img.device)
loss = (F.cross_entropy(logits, y) + F.cross_entropy(logits.T, y)) / 2
```

ಕೊನೆಯ ಸಾಲಿನಲ್ಲಿ ಎರಡು ಸಲ ಲಾಸ್ ಯಾಕೆ ಅಂದರೆ, ಫೋಟೋದಿಂದ ಸಾಲು ಹುಡುಕುವುದು ಒಂದು, ಸಾಲಿನಿಂದ ಫೋಟೋ ಹುಡುಕುವುದು ಇನ್ನೊಂದು. ಅದರ ಬಗ್ಗೆ ಮತ್ತೇನೂ ಹೇಳುವುದಿಲ್ಲ.

ನನ್ನನ್ನು ಸಿಕ್ಕಿಹಾಕಿಸಿದ್ದು ಮೂರನೇ ಸಾಲಿನ ಆ `scale`. ಕೊಸೈನ್‌ಗಳನ್ನೆಲ್ಲ ಟೆಂಪರೇಚರ್ ಎಂಬ ಸಣ್ಣ ಸಂಖ್ಯೆಯಿಂದ ಭಾಗಿಸುತ್ತಾರೆ. `scale.exp()` ಅಂದರೆ ಆ ಸಂಖ್ಯೆಯ ತಲೆಕೆಳಗು, ಅಷ್ಟೇ. ಕ್ಲಿಪ್‌ನಲ್ಲಿ ಟೆಂಪರೇಚರ್ ಶುರುವಾಗುವುದು 0.07ರಿಂದ, ಅಂದರೆ ಎಲ್ಲವನ್ನೂ ಸುಮಾರು 14.3ರಿಂದ ಗುಣಿಸಿದ ಹಾಗೆ. ಗುಂಪಿನ ಗೆಳೆಯನೊಬ್ಬ ಕೇಳಿದ ಪ್ರಶ್ನೆಯೇ ನನ್ನ ತಲೆಯಲ್ಲೂ ಇತ್ತು: "ಎಲ್ಲಾ ಅಂಕಿನೂ ಒಂದೇ ಸಂಖ್ಯೆಯಿಂದ ಭಾಗಿಸಿದ್ರ ಯಾವುದು ಮುಂದ, ಯಾವುದು ಹಿಂದ ಅನ್ನೋದು ಬದಲಾಗಂಗಿಲ್ಲಲ್ಲೋ. ಮತ್ತ ಯಾಕ ಬೇಕದು?"

ನಿಜ, ಕ್ರಮ ಬದಲಾಗುವುದಿಲ್ಲ. ಕಲಿತು ಮುಗಿದ ಮಾದರಿಯಲ್ಲಿ ಹುಡುಕುವಾಗ ಟೆಂಪರೇಚರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದರ ಕೆಲಸವೆಲ್ಲ ಕಲಿಯುವಾಗ. ಒಂದು ಫೋಟೋ ತೆಗೆದುಕೊಂಡು ಪೂರ್ತಿ ಲೆಕ್ಕ ಹಾಕಿದರೆ ಇದು ಬಿಡಿಸಿಕೊಳ್ಳುತ್ತದೆ.

ಫೋಟೋ ಗೋಳಗುಮ್ಮಟದ್ದು. ಬ್ಯಾಚಿನಲ್ಲಿ ಮೂರು ಸಾಲುಗಳಿವೆ, ಕೊಸೈನ್ ಹೀಗಿವೆ ಅಂದುಕೊಳ್ಳೋಣ. "ಗೋಳಗುಮ್ಮಟ" 0.31, "ಇಬ್ರಾಹಿಂ ರೋಜಾ" 0.24, "ತಟ್ಟೆಯಲ್ಲಿ ಕರದಂಟು" 0.10. ಎರಡನೆಯದು ಜಾಸ್ತಿ ಇರುವುದು ಸಹಜ. ಅದೂ ಕಲ್ಲಿನ ಕಟ್ಟಡ, ಅದಕ್ಕೂ ಗುಮ್ಮಟ, ಅದೂ ಇದೇ ಊರಿನದು.

ಮೊದಲು ಭಾಗಿಸದೆ ಸಾಫ್ಟ್‌ಮ್ಯಾಕ್ಸ್ ಹಾಕಿ. ಬರುವುದು 0.365, 0.340, 0.296. ಮೂರೂ ಹೆಚ್ಚುಕಡಿಮೆ ಮೂರನೇ ಒಂದು. ಲಾಸ್ 1.01. ಏನೂ ಗೊತ್ತಿಲ್ಲದೆ ಸುಮ್ನೆ ಊಹಿಸಿದರೂ 1.10 ಬರುತ್ತಿತ್ತು. ಅಂದರೆ ಸರಿಯಾದ ಸಾಲನ್ನೇ ಮುಂದೆ ಇಟ್ಟಿದ್ದರೂ ಮಾದರಿಗೆ ಸಿಕ್ಕ ಅಂಕ ಹೆಚ್ಚೇನಿಲ್ಲ.

ಈಗ 0.07ರಿಂದ ಭಾಗಿಸಿ. ಅಂಕಿಗಳು 4.43, 3.43, 1.43 ಆಗುತ್ತವೆ. ಸಾಫ್ಟ್‌ಮ್ಯಾಕ್ಸ್ 0.705, 0.260, 0.035. ಲಾಸ್ 0.35.

ಇಲ್ಲಿಗೇ ನಿಲ್ಲಿಸಿದರೆ "ಲಾಸ್ ಕಡಿಮೆ ಕಾಣೋ ಹಾಗೆ ಮಾಡಿದ್ದಾರೆ" ಅಂತ ಅನ್ನಿಸಬಹುದು. ಗ್ರೇಡಿಯಂಟ್ ನೋಡಿದ ಮೇಲೆಯೇ ವಿಷಯ ಹಿಡಿತಕ್ಕೆ ಬರುವುದು. ಒಂದು ತಪ್ಪು ಸಾಲನ್ನು ಎಷ್ಟು ಜೋರಾಗಿ ತಳ್ಳಬೇಕು ಅನ್ನುವುದು ಅದರ ಸಾಫ್ಟ್‌ಮ್ಯಾಕ್ಸ್ ಪಾಲನ್ನು ಟೆಂಪರೇಚರ್‌ನಿಂದ ಭಾಗಿಸಿದಷ್ಟು. ಸರಿಯಾದ ಸಾಲಿನ ಎಳೆತ ಅಂದರೆ 1ರಲ್ಲಿ ಅದರ ಪಾಲನ್ನು ಕಳೆದು, ಉಳಿದದ್ದನ್ನು ಅದೇ ಸಂಖ್ಯೆಯಿಂದ ಭಾಗಿಸಿದಷ್ಟು. ಹಾಗಾಗಿ ಭಾಗಿಸದೇ ಇದ್ದಾಗ ರೋಜಾಕ್ಕೆ 0.340 ತಳ್ಳು, ಕರದಂಟಿಗೆ 0.296 ತಳ್ಳು. ಬಹುತೇಕ ಸಮ. ಗೋಳಗುಮ್ಮಟದ ಫೋಟೋವನ್ನು ಕರದಂಟಿನಿಂದ ದೂರ ಮಾಡಲು ಅಷ್ಟೊಂದು ಶ್ರಮ ಯಾಕೆ? ಅವು ಈಗಾಗಲೇ ದೂರ ಇವೆ, ಅಲ್ವಾ? 0.07ರಲ್ಲಿ ರೋಜಾಕ್ಕೆ 3.7, ಕರದಂಟಿಗೆ 0.5. ಏಳು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ತಳ್ಳುವ ಶಕ್ತಿಯೆಲ್ಲ ಗೊಂದಲ ಇರುವ ಕಡೆಗೆ ಹೋಯಿತು.

ಈ ಏಳು ಪಟ್ಟನ್ನು ಬಾಯಲ್ಲೇ ಲೆಕ್ಕ ಹಾಕುವ ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. ಎರಡು ತಪ್ಪು ಸಾಲುಗಳ ಕೊಸೈನ್ ಅಂತರ ತೆಗೆದುಕೊಳ್ಳಿ: 0.24ರಲ್ಲಿ 0.10 ಕಳೆದರೆ 0.14. ಅದನ್ನು ಟೆಂಪರೇಚರ್‌ನಿಂದ ಭಾಗಿಸಿ: 2. `e`ಯನ್ನು ಅಷ್ಟು ಘಾತಕ್ಕೆ ಏರಿಸಿ: 7.4. ಉಳಿದ ಸಾಲುಗಳು ಏನೇ ಇರಲಿ, ಈ ಅನುಪಾತ ಬದಲಾಗುವುದಿಲ್ಲ. ಟೆಂಪರೇಚರ್ 1 ಇದ್ದರೆ ಇದೇ ಅಂತರಕ್ಕೆ 1.15 ಪಟ್ಟು. 0.01 ಇದ್ದರೆ `e`ಯ 14ನೇ ಘಾತ, ಅಂದರೆ ಸುಮಾರು 12 ಲಕ್ಷ ಪಟ್ಟು! ಆಗ ಅತಿ ಹತ್ತಿರದ ಒಂದು ತಪ್ಪು ಸಾಲನ್ನು ಬಿಟ್ಟು ಉಳಿದವು ಇದ್ದೂ ಇಲ್ಲದಂತೆ. ಕ್ಲಿಪ್‌ನಲ್ಲಿ ಟೆಂಪರೇಚರ್ ಅನ್ನು ಮಾದರಿಯೇ ಕಲಿಯುತ್ತದೆ, ಆದರೆ ಗುಣಕ 100 ದಾಟದಂತೆ ತಡೆ ಹಾಕಿದ್ದಾರೆ. 100 ಅಂದರೆ ಈ 0.01ರ ಗಡಿಯೇ. ಅದನ್ನು ಮೀರಿದರೆ ತರಬೇತಿ ಹದ ತಪ್ಪುತ್ತದೆ.

ಬ್ಯಾಚು ದೊಡ್ಡದಾದಷ್ಟೂ ಭಾಗಾಕಾರ ಇಲ್ಲದೆ ನಡೆಯುವುದೇ ಇಲ್ಲ. 256 ಜೋಡಿಗಳ ಬ್ಯಾಚಿನಲ್ಲಿ ಮಾದರಿ ಅದ್ಭುತವಾಗಿ ಕಲಿತಿದೆ ಅಂದುಕೊಳ್ಳಿ: ಸರಿ ಜೋಡಿಯ ಕೊಸೈನ್ 1, ಉಳಿದ 255ಕ್ಕೂ 0. ಭಾಗಿಸದಿದ್ದರೆ ಲಾಸ್ 4.55. ಸುಮ್ನೆ ಊಹಿಸಿದರೆ ಬರುವುದು 256ರ ಸಹಜ ಲಾಗರಿದಂ, 5.55. ಎಲ್ಲ ಕಲಿತರೂ ಇಳಿದದ್ದು ಬರೀ ಒಂದು. ಕೊಸೈನ್ 1ರ ಮೇಲೆ ಹೋಗುವುದಿಲ್ಲವಲ್ಲ, ಸಾಫ್ಟ್‌ಮ್ಯಾಕ್ಸ್‌ಗೆ ಚೂಪಾಗಲು ಜಾಗವೇ ಇಲ್ಲ. ಆದ್ದರಿಂದ ನಿಮ್ಮ ಲಾಸ್ 5.55ರಿಂದ ಶುರುವಾಗಿ ಸ್ವಲ್ಪ ಇಳಿದು ಐದರ ಆಸುಪಾಸಿನಲ್ಲಿ ಅಂಟಿಕೊಂಡರೆ, ಡೇಟಾವನ್ನು ಬೈಯುವ ಮೊದಲು `scale` ನಿಜವಾಗಿ ಗುಣಿಸಲ್ಪಡುತ್ತಿದೆಯಾ ನೋಡಿ. ಶುರುವಿನ ಲಾಸ್ ಬ್ಯಾಚ್ ಗಾತ್ರದ ಲಾಗರಿದಂಗೆ ಹತ್ತಿರ ಇದೆಯಾ ಅನ್ನುವುದೂ ಒಳ್ಳೆಯ ಪರೀಕ್ಷೆ. ಇನ್ನೊಂದು: ಸಣ್ಣ ಜಿಪಿಯುನಲ್ಲಿ 32ರ ಬ್ಯಾಚು ಇಟ್ಟು ಎಂಟು ಸಲದ ಗ್ರೇಡಿಯಂಟ್ ಕೂಡಿಸಿದರೆ ಅದು 256 ಆಗುವುದಿಲ್ಲ. ಪ್ರತಿ ಫೋಟೋ ನೋಡುವುದು ತನ್ನ ಜೊತೆಗಿನ 31 ತಪ್ಪು ಸಾಲುಗಳನ್ನಷ್ಟೇ.

ಈಗ ಕರದಂಟಿಗೆ ಬರೋಣ, ಯಾಕಂದರೆ ಟೆಂಪರೇಚರ್‌ನ ಇನ್ನೊಂದು ಮುಖ ಅಲ್ಲಿದೆ.

ಕರದಂಟಿಗೆ ಬೆಳಗಾವಿ ಜಿಲ್ಲೆಯ ಗೋಕಾಕ ಹೆಸರುವಾಸಿ, ಬಾಗಲಕೋಟೆ ಜಿಲ್ಲೆಯ ಅಮೀನಗಡವೂ ಹೆಸರುವಾಸಿ. ಎರಡೂ ಕಡೆಯ ಫೋಟೋ ನಮ್ಮ ಸಂಗ್ರಹದಲ್ಲಿವೆ. ಯಾವುದು ರುಚಿ ಅನ್ನುವ ಜಗಳ ಇಲ್ಲಿ ಬೇಡ. ತಟ್ಟೆಯಲ್ಲಿ ಇಟ್ಟ ಒಂದು ತುಂಡು ನೋಡಿ ಊರು ಹೇಳಿ ಅಂದರೆ ನನ್ನಿಂದ ಆಗುವುದಿಲ್ಲ. ಆದರೆ ಒಂದೇ ಬ್ಯಾಚಿನಲ್ಲಿ "ಗೋಕಾಕ ಕರದಂಟು", "ಅಮೀನಗಡ ಕರದಂಟು" ಎರಡೂ ಬಂದರೆ ಲಾಸ್ ಲೆಕ್ಕದಲ್ಲಿ ಅವು ಪರಸ್ಪರ ತಪ್ಪು ಜೋಡಿ.

ಗೋಕಾಕದ ಫೋಟೋಗೆ ಕೊಸೈನ್ ಹೀಗೆ ಬಂತು ಅನ್ನಿ: ಗೋಕಾಕ 0.34, ಅಮೀನಗಡ 0.33, ಗೋಳಗುಮ್ಮಟ 0.10, ರೋಜಾ 0.09. ಟೆಂಪರೇಚರ್ 0.07ರಲ್ಲಿ ಪಾಲು 0.519, 0.450, 0.017, 0.015. ತಪ್ಪು ಸಾಲುಗಳ ಒಟ್ಟು ಪಾಲು 0.481. ಅದರಲ್ಲಿ 0.450 ಅಮೀನಗಡದ ಮೇಲೆಯೇ, ಅಂದರೆ ನೂರಕ್ಕೆ 93ಕ್ಕಿಂತ ಜಾಸ್ತಿ. ರೋಜಾವನ್ನು ಗೋಳಗುಮ್ಮಟದಿಂದ ಬಿಡಿಸಲು ಉಪಕಾರ ಮಾಡಿದ ಅದೇ ಚೂಪು, ಇಲ್ಲಿ ಒಂದೇ ತಿನಿಸಿನ ಎರಡು ಫೋಟೋಗಳನ್ನು ಬೇರೆ ಮಾಡಲು ಶಕ್ತಿಯೆಲ್ಲ ಸುರಿಯುತ್ತಿದೆ. ಟೆಂಪರೇಚರ್ ಇಳಿದಷ್ಟೂ ಇದು ಹೆಚ್ಚುತ್ತದೆ.

ಮಾದರಿ ಆಗ ಏನು ಮಾಡುತ್ತದೆ? ತುಂಡಿನಲ್ಲಿ ಗುರುತು ಸಿಗದಿದ್ದರೆ ಬೇರೆ ಕಡೆ ಹುಡುಕುತ್ತದೆ. ಒಂದು ಊರಿನ ಫೋಟೋಗಳೆಲ್ಲ ಸ್ಟೀಲ್ ತಟ್ಟೆಯಲ್ಲಿ, ಇನ್ನೊಂದರವು ರಟ್ಟಿನ ಡಬ್ಬಿಯಲ್ಲಿ ಇದ್ದರೆ ತಟ್ಟೆಯೇ ಗೋಕಾಕ ಆಗಿಬಿಡುತ್ತದೆ. ಲಾಸ್ ಚಂದವಾಗಿ ಇಳಿಯುತ್ತದೆ, ಅದಕ್ಕೇ ಅನುಮಾನ ಬರುವುದಿಲ್ಲ. ಪತ್ತೆ ಮಾಡಲು ಅದೇ ಕರದಂಟನ್ನು ತಟ್ಟೆ ಬದಲಿಸಿ ಫೋಟೋ ತೆಗೆಯಿರಿ. ಊರು ಬದಲಾದರೆ ಮಾದರಿ ಕಲಿತದ್ದು ತಟ್ಟೆಯನ್ನು.

ವಿಚಿತ್ರ ಏನೆಂದರೆ, ಎರಡು ಫೋಟೋಗೂ ಸಾಲು ಅಕ್ಷರಶಃ ಒಂದೇ ಇದ್ದರೆ ಹಾನಿ ಕಡಿಮೆ. "ಕರದಂಟು", "ಕರದಂಟು" ಅಂತಲೇ ಎರಡೂ ಇದ್ದರೆ ಎರಡಕ್ಕೂ ವೆಕ್ಟರ್ ಒಂದೇ. ಉಳಿದ ಸಾಲುಗಳೆಲ್ಲ ದೂರ ಸರಿದಾಗ ಪಾಲು ಅರ್ಧ, ಅರ್ಧ. ಒಂದು ಎಳೆಯುತ್ತದೆ, ಇನ್ನೊಂದು ಅಷ್ಟೇ ತಳ್ಳುತ್ತದೆ, ಎರಡೂ ಒಂದೇ ದಿಕ್ಕಿನ ಮೇಲೆ ಆದ್ದರಿಂದ ವಜಾ ಆಗುತ್ತವೆ. ಆ ಫೋಟೋದ ಲಾಸ್ ಮಾತ್ರ 0.69ರ ಕೆಳಗೆ ಇಳಿಯುವುದಿಲ್ಲ, 2ರ ಲಾಗರಿದಂ ಅಷ್ಟು. ಕಾಟ ಕೊಡುವುದು ಒಂದೇ ಪದದಲ್ಲಿ ಬೇರೆಯಾದ ಸಾಲುಗಳು, ಆ ಪದ ಚಿತ್ರದಲ್ಲಿ ಕಾಣದಿದ್ದಾಗ.

ಹಾಗಾಗಿ ನಾವು ಮಾಡಿಕೊಂಡ ವ್ಯವಸ್ಥೆ ಇದು. ಪ್ರತಿ ಜೋಡಿಗೆ ಒಂದು ಗುಂಪು ಸಂಖ್ಯೆ ಕೊಟ್ಟೆವು. ಎರಡೂ ಊರಿನ ಕರದಂಟಿಗೆ ಒಂದೇ ಸಂಖ್ಯೆ, ಗೋಳಗುಮ್ಮಟಕ್ಕೂ ರೋಜಾಕ್ಕೂ ಬೇರೆ ಬೇರೆ. ಗುರಿಯನ್ನು ಗುಂಪಿನೊಳಗೆ ಹಂಚಿದೆವು:

```python
same = (gid[:, None] == gid[None, :]).float()
y = same / same.sum(1, keepdim=True)
```

`cross_entropy`ಗೆ ಈ `y` ಹಾಗೇ ಕೊಡಬಹುದು. ಇದೇ `y` ಎರಡೂ ದಿಕ್ಕಿಗೆ ಸಾಕು, ಚೌಕ ಸಮಮಿತಿಯದು.

ಯಾವುದನ್ನು ಗುಂಪು ಮಾಡಬೇಕು ಅನ್ನುವುದನ್ನು ಮಾತ್ರ ಕೈಯಿಂದಲೇ ನೋಡಬೇಕು. ಪ್ರತಿ ಬ್ಯಾಚಿನಲ್ಲಿ ಕರ್ಣದ ಹೊರಗೆ ಅತಿ ಹೆಚ್ಚು ಕೊಸೈನ್ ಬಂದ ಕೆಲವು ಜೋಡಿಗಳನ್ನು ಪ್ರಿಂಟ್ ಮಾಡಿಸಿ, ಫೋಟೋ ಎದುರಿಗೆ ಇಟ್ಟುಕೊಂಡು ಒಂದೇ ಪ್ರಶ್ನೆ ಕೇಳಿ: ಬರೀ ಈ ಫೋಟೋ ನೋಡಿದವರು ಈ ಸಾಲು ತಪ್ಪು ಅಂತ ಹೇಳಬಲ್ಲರಾ? ರೋಜಾದ ಸಾಲಿಗೆ ಹೇಳಬಲ್ಲರು. ಗೋಳಗುಮ್ಮಟದಲ್ಲಿ ಇಡೀ ಕಟ್ಟಡವನ್ನೇ ಮುಚ್ಚುವ ಒಂದು ದೊಡ್ಡ ಗುಮ್ಮಟ, ರೋಜಾದಲ್ಲಿ ತೆಳ್ಳಗಿನ ಮಿನಾರುಗಳ ನಡುವೆ ಚಿಕ್ಕ ಗುಮ್ಮಟ. ಅದನ್ನು ಬ್ಯಾಚಿನಿಂದ ತೆಗೆಯಬೇಡಿ, ಮಾದರಿ ಕಲಿಯುವುದೇ ಅಂಥವುಗಳಿಂದ. ಕರದಂಟಿಗೆ ಹೇಳಲಾರರು, ಅದು ಗುಂಪಿಗೆ ಹೋಗಲಿ. ಡಬ್ಬಿಯ ಮೇಲೆ ಊರ ಹೆಸರು ಓದಲು ಬರುವಂತಿದ್ದರೆ ಮಾತ್ರ ಆ ಫೋಟೋಗೆ ಬೇರೆ ಸಂಖ್ಯೆ ಕೊಡಿ.